ಜನನ ಪತ್ರದಲ್ಲಿ ಉಳಿದ ಹಳೆಯ ಹೆಸರು

ಮಂಗಳೂರಿನಲ್ಲಿ ಗಂಡು ಮಗು ಎಂದು ನೋಂದಣಿಯಾಗಿದ್ದ ಒಬ್ಬರು ಬೆಳೆದು ದೊಡ್ಡವರಾದ ಮೇಲೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಹೆಣ್ಣಾದರು. ಹೆಸರು ಬದಲಿಸಿಕೊಂಡರು. ಆಧಾರ್, ಚಾಲನಾ ಪರವಾನಗಿ, ಪಾಸ್‌ಪೋರ್ಟ್‌ಗಳಲ್ಲಿ ಹೊಸ ಹೆಸರೂ ಹೊಸ ಲಿಂಗವೂ ಬಂದವು. ಉಳಿದದ್ದು ಜನನ ಪತ್ರ. ಅದನ್ನೂ ಬದಲಿಸಿಕೊಡಿ ಎಂದು ಜನನ ಮರಣ ನೋಂದಣಾಧಿಕಾರಿಗೆ ಅರ್ಜಿ ಕೊಟ್ಟಾಗ ಆಗುವುದಿಲ್ಲ ಎಂಬ ಉತ್ತರ ಬಂತು. ಆಕೆ ಕರ್ನಾಟಕ ಹೈಕೋರ್ಟಿಗೆ ಹೋದರು. 2024ರ ಡಿಸೆಂಬರ್‌ನಲ್ಲಿ ನ್ಯಾಯಮೂರ್ತಿ ಸೂರಜ್ ಗೋವಿಂದರಾಜ್ ಕೊಟ್ಟ ತೀರ್ಪಿನಲ್ಲಿ ಅರ್ಜಿದಾರರ ಹೆಸರನ್ನು ಗುಟ್ಟಾಗಿಟ್ಟು 'ಎಕ್ಸ್' ಎಂದಷ್ಟೇ ಕರೆಯಲಾಗಿದೆ.

ನೋಂದಣಾಧಿಕಾರಿ ಹಟಕ್ಕೆ ಬಿದ್ದು ಇಲ್ಲ ಎಂದಿರಲಿಲ್ಲ. ಅವರ ಕೈಯಲ್ಲಿದ್ದದ್ದು 1969ರ ಜನನ ಮರಣ ನೋಂದಣಿ ಕಾಯ್ದೆ. ಅದರ 15ನೇ ಕಲಮಿನ ಪ್ರಕಾರ ಪುಸ್ತಕದಲ್ಲಿ ಬರೆದದ್ದು ತಪ್ಪಾಗಿದ್ದರೆ, ಅಥವಾ ಮೋಸದಿಂದಲೋ ಅಕ್ರಮವಾಗಿಯೋ ಬರೆಸಿದ್ದರೆ ಮಾತ್ರ ತಿದ್ದಬಹುದು. ತಿದ್ದುವಾಗಲೂ ಮೂಲ ಬರಹವನ್ನು ಅಳಿಸುವಂತಿಲ್ಲ, ಪಕ್ಕದ ಅಂಚಿನಲ್ಲಿ ಬರೆದು ಸಹಿ ಹಾಕಬೇಕು. ಹುಟ್ಟಿದ ದಿನ ಆಸ್ಪತ್ರೆಯವರು ಗಂಡು ಎಂದು ಬರೆಸಿದರು, ಅಧಿಕಾರಿ ಗಂಡು ಎಂದು ಬರೆದುಕೊಂಡರು. ಕಾಯ್ದೆಯ ಕಣ್ಣಿನಲ್ಲಿ ಅಲ್ಲಿ ತಪ್ಪೇ ನಡೆದಿಲ್ಲ. ತಪ್ಪಿಲ್ಲದ ಮೇಲೆ ತಿದ್ದುವುದೇನನ್ನು? 1969ರಲ್ಲಿ ಆ ಕಾಯ್ದೆ ಬರೆದವರು, ಸರಿಯಾಗಿ ಬರೆದ ಲಿಂಗವೂ ಮುಂದೊಂದು ದಿನ ಬದಲಾಗಬೇಕಾದೀತು ಎಂದು ಯೋಚಿಸಿರಲಿಲ್ಲ.

ಗುರುತಿನ ದಾಖಲೆಗಳಲ್ಲಿ ತಮ್ಮ ಲಿಂಗತ್ವವನ್ನು ಸರಿಪಡಿಸಿಕೊಳ್ಳಲು ಹೊರಟ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳು ಎದುರಿಸುವ ಕಷ್ಟದ ಬೇರು ಇಲ್ಲೇ ಇದೆ. 'ನೀವು ಯಾರು' ಎಂಬ ಪ್ರಶ್ನೆಗೆ ಉತ್ತರ ಕೊಡುವ ಕಾನೂನು ಈಗ ಇದೆ. ಆದರೆ ಒಂದೊಂದು ದಾಖಲೆಗೂ ಅದರದೇ ಕಾಯ್ದೆ, ಅದರದೇ ಕಚೇರಿ, ಅದರದೇ ನಮೂನೆ. ಇವುಗಳಲ್ಲಿ ಬಹುಪಾಲು ಹೊಸ ಕಾನೂನಿಗಿಂತ ಹಳೆಯವು. ಜೊತೆಗೆ, ಪ್ರತಿ ದಾಖಲೆಯೂ ಇನ್ನೊಂದು ದಾಖಲೆಯನ್ನು ಸಾಕ್ಷಿಗೆ ಕರೆಯುತ್ತದೆ. ಒಂದರಲ್ಲಿ ಹಳೆಯ ಹೆಸರು ಉಳಿದರೂ ಸಾಕು, ಉಳಿದೆಲ್ಲವುಗಳ ಮೇಲೆ ಅನುಮಾನ ಬೀಳುತ್ತದೆ.

ಹೊಸ ಕಾನೂನು ಬಂದ ಬಗೆಯನ್ನು ಚಿಕ್ಕದಾಗಿ ಹೇಳಬೇಕು. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟು, ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರವು ಹೂಡಿದ್ದ ಮೊಕದ್ದಮೆಯಲ್ಲಿ, ತಮ್ಮ ಲಿಂಗತ್ವ ಯಾವುದೆಂದು ಹೇಳುವ ಹಕ್ಕು ಆ ವ್ಯಕ್ತಿಯದೇ ಎಂದಿತು. ಗಂಡು, ಹೆಣ್ಣು, ತೃತೀಯ ಲಿಂಗ ಈ ಮೂರರಲ್ಲಿ ಯಾವುದೆಂದು ಅವರು ಹೇಳಬಹುದು, ಅದಕ್ಕಾಗಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿರಲೇಬೇಕೆಂದು ಒತ್ತಾಯಿಸುವುದು ಕಾನೂನುಬಾಹಿರ ಎಂದೂ ಹೇಳಿತು. ಆ ಬಳಿಕ ಸಂಸತ್ತು 2019ರಲ್ಲಿ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕುಗಳ ರಕ್ಷಣಾ ಕಾಯ್ದೆಯನ್ನು ತಂದಿತು. ಅದು 2020ರ ಜನವರಿ 10ರಿಂದ ಜಾರಿಗೆ ಬಂತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ನಿಯಮಗಳೂ ನವೆಂಬರ್‌ನಲ್ಲಿ ಅರ್ಜಿ ಹಾಕುವ ರಾಷ್ಟ್ರೀಯ ಪೋರ್ಟಲ್ಲೂ ಬಂದವು. ಇಲ್ಲಿ ವಿವರಿಸುತ್ತಿರುವುದು ಆ ಕಾಯ್ದೆಯೂ 2020ರ ನಿಯಮಗಳೂ ಹಾಕಿಕೊಟ್ಟ ದಾರಿಯನ್ನು. ಕಾನೂನಿಗೆ ತಿದ್ದುಪಡಿ ಬರುವುದುಂಟು. ಆದ್ದರಿಂದ ಅರ್ಜಿ ಹಾಕುವವರು ಆ ದಿನ ಜಾರಿಯಲ್ಲಿರುವ ನಿಯಮವನ್ನೂ ನಮೂನೆಯನ್ನೂ ಪೋರ್ಟಲ್‌ನಲ್ಲಿ ಒಮ್ಮೆ ಓದಿಕೊಂಡೇ ಮುಂದುವರಿಯಬೇಕು.

ಎಲ್ಲಕ್ಕೂ ಮೊದಲು ಬೇಕಾದದ್ದು ಜಿಲ್ಲಾಧಿಕಾರಿ ಕೊಡುವ ಗುರುತಿನ ಪ್ರಮಾಣಪತ್ರ. ಅರ್ಜಿ ಹಾಕುವುದು transgender.dosje.gov.in ಎಂಬ ಪೋರ್ಟಲ್‌ನಲ್ಲಿ. ಅದರ ಜೊತೆ ಒಂದು ಅಫಿಡವಿಟ್ ಇರಬೇಕು. ಹುಟ್ಟಿದಾಗ ಬರೆಸಿದ ಲಿಂಗ ತನ್ನದಲ್ಲ, ತನ್ನನ್ನು ತಾನು ಟ್ರಾನ್ಸ್‌ಜೆಂಡರ್ ವ್ಯಕ್ತಿ ಎಂದು ಕಂಡುಕೊಂಡಿದ್ದೇನೆ ಎಂದು ಅದರಲ್ಲಿ ಘೋಷಿಸಬೇಕು. ಅದರ ಪಾಠ ನಿಯಮಗಳಲ್ಲೇ ಅಚ್ಚಾಗಿದೆ, ಅದನ್ನು ಹಾಗೆಯೇ ಟೈಪ್ ಮಾಡಿಸಿ ನೋಟರಿಯ ಮುಂದೆ ಸಹಿ ಹಾಕಿದರೆ ಸಾಕು. ಕೋರ್ಟಿನ ಆವರಣದಲ್ಲಿ ಕೂರುವ ಟೈಪಿಸ್ಟರು ತಮ್ಮ ಬಳಿ ಇರುವ ಹೆಸರು ಬದಲಾವಣೆಯ ಮಾಮೂಲಿ ಅಫಿಡವಿಟ್ಟನ್ನೇ ಬರೆದುಕೊಟ್ಟರೆ ಅರ್ಜಿ ವಾಪಸ್ ಬರುವ ಸಂಭವ ಹೆಚ್ಚು. ಹಾಗಾಗಿ ನಮೂನೆಯನ್ನು ಅಚ್ಚು ಹಾಕಿಸಿಕೊಂಡೇ ಹೋಗಬೇಕು.

2020ರ ನಿಯಮಗಳ ಪ್ರಕಾರ ಜಿಲ್ಲಾಧಿಕಾರಿ ಈ ಅಫಿಡವಿಟ್ ಆಧಾರದ ಮೇಲೆಯೇ ಪ್ರಮಾಣಪತ್ರ ಕೊಡಬೇಕು. ವೈದ್ಯಕೀಯ ತಪಾಸಣೆಯಾಗಲಿ ದೈಹಿಕ ಪರೀಕ್ಷೆಯಾಗಲಿ ಕೂಡದು. ಇದು ಸುಮ್ಮನೆ ಬಂದ ಸಾಲಲ್ಲ. ಮೊದಲ ಕರಡಿನಲ್ಲಿ ಮನಶ್ಶಾಸ್ತ್ರಜ್ಞರ ವರದಿ ಬೇಕೆಂದು ಬರೆಯಲಾಗಿತ್ತು, ಸಮುದಾಯದವರು ವಿರೋಧಿಸಿದ ಮೇಲೆ ಅದನ್ನು ಕೈಬಿಡಲಾಯಿತು. ಅರ್ಜಿ ತಲುಪಿದ 30 ದಿನಗಳೊಳಗೆ ಪ್ರಮಾಣಪತ್ರ ಬರಬೇಕು, ಅದರ ಜೊತೆಗೆ ಒಂದು ಗುರುತಿನ ಚೀಟಿಯೂ ಬರುತ್ತದೆ. ತಿರಸ್ಕರಿಸಿದರೆ ಮೇಲ್ಮನವಿಗೆ 90 ದಿನಗಳ ಅವಕಾಶವಿದೆ.

ಕಾಗದದ ಮೇಲೆ ಇಷ್ಟು ಸಲೀಸಾಗಿ ಕಾಣುವ ಈ ಹೆಜ್ಜೆಯಲ್ಲೇ ಅನೇಕರು ಎಡವುತ್ತಾರೆ. ಅರ್ಜಿ ಹಾಕುವ ಜಿಲ್ಲೆಯಲ್ಲಿ ಅವರು ಸತತ 12 ತಿಂಗಳು ವಾಸವಿರಬೇಕೆಂಬ ಷರತ್ತು ಇದೆ. ಹದಿನಾರು ಹದಿನೇಳನೇ ವಯಸ್ಸಿಗೆ ಮನೆ ಬಿಟ್ಟವರ ಆಧಾರ್ ಕಾರ್ಡಿನಲ್ಲಿ ಊರಿನ ವಿಳಾಸವೇ ಇರುತ್ತದೆ. ವಾಸ ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ, ಗುರುವಿನ ಹಮಾಮಿನಲ್ಲೋ ಗೆಳತಿಯರೊಡನೆ ಹಂಚಿಕೊಂಡ ಕೋಣೆಯಲ್ಲೋ. ಅಂಥ ಕಡೆ ಬಾಡಿಗೆ ಕರಾರು ಪತ್ರ ಇರುವುದಿಲ್ಲ. ಮನೆ ಮಾಲೀಕರು ಬಾಡಿಗೆ ತೆಗೆದುಕೊಳ್ಳುತ್ತಾರೆ, ಸಹಿ ಹಾಕುವುದಿಲ್ಲ. ಇನ್ನು ಕೆಲವರ ಬಳಿ ಯಾವ ದಾಖಲೆಯೂ ಇರುವುದಿಲ್ಲ, ಏಕೆಂದರೆ ಮಾರ್ಕ್ಸ್ ಕಾರ್ಡು, ಟಿ.ಸಿ. ಎಲ್ಲವೂ ತಂದೆಯ ಬೀರುವಿನಲ್ಲಿ ಉಳಿದುಹೋಗಿವೆ. ಅವನ್ನು ಕೇಳಲು ಹೋದರೆ ಮತ್ತೆ ಕೂಡಿಹಾಕುತ್ತಾರೆಂಬ ಭಯ. ಆಧಾರ್‌ಗೆ ಜೋಡಿಸಿದ್ದ ಹಳೆಯ ಮೊಬೈಲ್ ನಂಬರು ಕೈತಪ್ಪಿ ಹೋಗಿದ್ದರೆ ಒಂದು ಒ.ಟಿ.ಪಿ. ಕೂಡ ಬರುವುದಿಲ್ಲ. ಇವರಿಗೆ ಮೊದಲ ಕೆಲಸವೆಂದರೆ ಹತ್ತಿರದ ಆಧಾರ್ ಕೇಂದ್ರಕ್ಕೆ ಹೋಗಿ ಬೆರಳಚ್ಚು ಕೊಟ್ಟು ಮೊಬೈಲ್ ನಂಬರನ್ನೂ ವಿಳಾಸವನ್ನೂ ಸರಿಮಾಡಿಸಿಕೊಳ್ಳುವುದು. ಹೆಸರು, ಲಿಂಗದ ಗೊಡವೆಗೆ ಆಗಲೇ ಹೋಗಬಾರದು. ಅದಕ್ಕೆ ಕಾರಣ ಮುಂದೆ ಬರುತ್ತದೆ.

ಪರಿಶೀಲನೆಯದು ಬೇರೆಯೇ ಸಂಕಟ. ಕೆಳಹಂತದ ಸಿಬ್ಬಂದಿ ವಿಳಾಸ ನೋಡಲು ಊರಿನ ಮನೆಗೆ ಹೋದರೆ, ಅಥವಾ ಅಕ್ಕಪಕ್ಕದವರನ್ನು ವಿಚಾರಿಸಿದರೆ, ಯಾರಿಗೂ ಹೇಳದೆ ಇಟ್ಟುಕೊಂಡ ವಿಷಯ ಒಂದೇ ಮಧ್ಯಾಹ್ನದಲ್ಲಿ ಬೀದಿಗೆ ಬರುತ್ತದೆ. ಟ್ರಾನ್ಸ್ ಪುರುಷರಿಗೆ, ಅಂದರೆ ಹೆಣ್ಣೆಂದು ಬರೆಸಲ್ಪಟ್ಟು ಗಂಡಾಗಿ ಬದುಕುವವರಿಗೆ, ಇನ್ನೊಂದು ತೊಡಕು ಕಾದಿರುತ್ತದೆ. ಸರ್ಕಾರಿ ಕಚೇರಿಗಳಲ್ಲಿ ಬಹಳ ಮಂದಿಗೆ ಮಂಗಳಮುಖಿಯರು ಗೊತ್ತು, ಜೋಗತಿಯರು ಗೊತ್ತು. ಶರ್ಟು ಪ್ಯಾಂಟು ತೊಟ್ಟು ಮೀಸೆ ಬಿಟ್ಟ ಯುವಕನೊಬ್ಬ ಹೆಣ್ಣು ಹೆಸರಿನ ಆಧಾರ್ ಹಿಡಿದು ಬಂದರೆ ಬೇರೆಯವರ ಕಾರ್ಡು ತಂದಿದ್ದಾನೆ ಎಂದೇ ಮೊದಲ ಯೋಚನೆ ಹೋಗುತ್ತದೆ. ಅವರು ಅರ್ಜಿಗೆ ಹಾಕುವ ಫೋಟೊ ಈಗಿನದೇ ಆಗಿರಬೇಕು. ಹಳೆಯ ಕಾರ್ಡಿನ ಮುಖಕ್ಕೂ ಈಗಿನ ಮುಖಕ್ಕೂ ಏಕೆ ಹೋಲಿಕೆಯಿಲ್ಲ ಎಂಬುದಕ್ಕೆ ಅಫಿಡವಿಟ್ಟೇ ಉತ್ತರ.

ಪ್ರಮಾಣಪತ್ರ ಕೈಗೆ ಬಂದ ಮೇಲೆ ಒಂದು ದೊಡ್ಡ ತೀರ್ಮಾನ ಎದುರಾಗುತ್ತದೆ. ಕಾಯ್ದೆಯ 6ನೇ ಕಲಮಿನಡಿ ಸಿಗುವ ಪ್ರಮಾಣಪತ್ರದಲ್ಲಿ ಲಿಂಗದ ಜಾಗದಲ್ಲಿ 'ಟ್ರಾನ್ಸ್‌ಜೆಂಡರ್' ಎಂದಿರುತ್ತದೆ. 'ಹೆಣ್ಣು' ಅಥವಾ 'ಗಂಡು' ಎಂದೇ ಬೇಕಾದವರು 7ನೇ ಕಲಮಿನಡಿ ಎರಡನೇ ಅರ್ಜಿ ಹಾಕಬೇಕು, ಅದಕ್ಕೆ ಶಸ್ತ್ರಚಿಕಿತ್ಸೆ ನಡೆದ ಆಸ್ಪತ್ರೆಯ ವೈದ್ಯಕೀಯ ಅಧೀಕ್ಷಕರ ಅಥವಾ ಮುಖ್ಯ ವೈದ್ಯಾಧಿಕಾರಿಯ ಪತ್ರ ಲಗತ್ತಿಸಬೇಕು. ಅದು ಬಂದ 15 ದಿನಗಳೊಳಗೆ ಪರಿಷ್ಕೃತ ಪ್ರಮಾಣಪತ್ರ ಸಿಗಬೇಕೆಂಬುದು ನಿಯಮ.

ಶಸ್ತ್ರಚಿಕಿತ್ಸೆ ಬೇಕೆಂದು ಒತ್ತಾಯಿಸಬಾರದೆಂದು ದೇಶದ ಅತ್ಯುನ್ನತ ನ್ಯಾಯಾಲಯ 2014ರಲ್ಲೇ ಹೇಳಿತ್ತು. ಐದೇ ವರ್ಷಕ್ಕೆ ಬಂದ ಕಾಯ್ದೆ ಹೆಣ್ಣು ಅಥವಾ ಗಂಡು ಎಂದು ಬರೆಸಿಕೊಳ್ಳಲು ಅದನ್ನೇ ಕೇಳಿತು. ನಿಯಮಗಳು ಈ ಬಿಗಿಯನ್ನು ಸ್ವಲ್ಪ ಸಡಿಲಿಸಲು ನೋಡಿವೆ. 'ವೈದ್ಯಕೀಯ ನೆರವು' ಎಂಬುದರಲ್ಲಿ ಆಪ್ತಸಲಹೆ, ಹಾರ್ಮೋನ್ ಚಿಕಿತ್ಸೆಗಳೂ ಸೇರುತ್ತವೆ ಎಂದು ಅವು ವಿವರಿಸಿವೆ. ಆದರೂ ಕಾಯ್ದೆಯಲ್ಲಿ ಇರುವ ಪದ ಶಸ್ತ್ರಚಿಕಿತ್ಸೆ, ಮೇಜಿನ ಆಚೆ ಕೂತವರು ಕೇಳುವುದೂ ಅದನ್ನೇ. ಶಸ್ತ್ರಚಿಕಿತ್ಸೆಗೆ ಹಣವಿಲ್ಲದ, ಆರೋಗ್ಯ ತಡೆದುಕೊಳ್ಳದ, ಅಥವಾ ಅದು ಬೇಡವೆನಿಸಿದ ಹೆಂಗಸು ತನ್ನನ್ನು ಹೆಂಗಸೆಂದು ಬರೆಸಿಕೊಳ್ಳಲಾಗದೆ ಉಳಿಯುವುದು ಅನ್ಯಾಯ. ಇದನ್ನು ಬೇರೆ ಯಾವ ಮೆದು ಮಾತಿನಲ್ಲೂ ಹೇಳಲಾಗದು.

ಈ ತೀರ್ಮಾನವನ್ನು ಆಧಾರ್ ಕೇಂದ್ರದ ಸಾಲಿನಲ್ಲಿ ನಿಂತು ಮಾಡಬಾರದು ಎಂಬುದಕ್ಕೆ ಕಾರಣವಿದೆ. ಆಧಾರ್‌ನಲ್ಲಿ ಹೆಸರನ್ನು ಎರಡು ಬಾರಿ ಬದಲಿಸಬಹುದು. ಲಿಂಗವನ್ನು ಬದಲಿಸಲು ಸಿಗುವುದು ಒಂದೇ ಅವಕಾಶ. ಮೊದಲು 'ಟ್ರಾನ್ಸ್‌ಜೆಂಡರ್' ಎಂದು ಮಾಡಿಸಿ, ಎರಡು ವರ್ಷದ ನಂತರ ಶಸ್ತ್ರಚಿಕಿತ್ಸೆ ಆದ ಮೇಲೆ 'ಹೆಣ್ಣು' ಎಂದು ಮಾಡಿಸಲು ಹೋದವರಿಗೆ ಮಿತಿ ಮುಗಿದಿದೆ ಎಂಬ ಉತ್ತರ ಬರುತ್ತದೆ. ಆಮೇಲೆ ವಿನಾಯಿತಿಗಾಗಿ ಆಧಾರ್ ಪ್ರಾಧಿಕಾರದ ಪ್ರಾದೇಶಿಕ ಕಚೇರಿಗೆ ಬರೆದು, ದಾಖಲೆ ಕಳಿಸಿ ಕಾಯಬೇಕು. ಕರ್ನಾಟಕದವರಿಗೆ ಅದು ಬೆಂಗಳೂರಿನಲ್ಲಿದೆ. ಹೆಸರಿನ ವಿಷಯದಲ್ಲೂ ಎಚ್ಚರ ಬೇಕು. ಇನಿಷಿಯಲ್ ಎಲ್ಲಿ ಬರಬೇಕು, ಇಂಗ್ಲಿಷ್ ಕಾಗುಣಿತ ಏನು ಎಂಬುದನ್ನು ಪ್ರಮಾಣಪತ್ರದ ಅರ್ಜಿ ಹಾಕುವಾಗಲೇ ನಿರ್ಧರಿಸಿ, ಮುಂದೆ ಎಲ್ಲ ಕಡೆ ಅದನ್ನೇ ಬರೆಯಬೇಕು. ಕಾಯ್ದೆ ಬದಲಿಸಲು ಬಿಡುವುದು ಮೊದಲ ಹೆಸರನ್ನು ಮಾತ್ರ ಎಂಬುದೂ ನೆನಪಿರಲಿ. ಮನೆತನದ ಹೆಸರು, ತಂದೆಯ ಹೆಸರು ಅದರಡಿ ಬರುವುದಿಲ್ಲ.

ಒಬ್ಬರ ದಾರಿಯನ್ನು ಕಲ್ಪಿಸಿಕೊಂಡು ನೋಡಿದರೆ ಇದೆಲ್ಲ ಸ್ಪಷ್ಟವಾದೀತು. ಹಾವೇರಿ ಜಿಲ್ಲೆಯ ಹಳ್ಳಿಯೊಂದರಲ್ಲಿ ಹುಟ್ಟಿ, ಎಸ್ಸೆಸ್ಸೆಲ್ಸಿ ಮುಗಿಸಿ, ಈಗ ಬೆಂಗಳೂರಿನಲ್ಲಿ ಕೆಲಸ ಮಾಡುವ 27 ವರ್ಷದ ಟ್ರಾನ್ಸ್ ಮಹಿಳೆ ಒಬ್ಬರಿದ್ದಾರೆ ಎಂದುಕೊಳ್ಳಿ. ಶಸ್ತ್ರಚಿಕಿತ್ಸೆ ಆಗಿಲ್ಲ, ಸದ್ಯಕ್ಕೆ ಆಗುವಂತೆಯೂ ಇಲ್ಲ. ಆಕೆಯ ಬಳಿ ಹಳೆಯ ಹೆಸರಿನ ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್, ಮಾರ್ಕ್ಸ್ ಕಾರ್ಡು ಇವೆ. ಜನನ ಪತ್ರ ಇಲ್ಲ.

ಆಕೆ ಮೊದಲು ಆಧಾರ್‌ನಲ್ಲಿ ಬೆಂಗಳೂರಿನ ವಿಳಾಸ ಮಾಡಿಸಿಕೊಳ್ಳುತ್ತಾರೆ. ಬಳಿಕ ಬೆಂಗಳೂರಿನ ವಿಳಾಸದಿಂದಲೇ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ 6ನೇ ಕಲಮಿನ ಪ್ರಮಾಣಪತ್ರ ಪಡೆಯುತ್ತಾರೆ. ಅದನ್ನು ಹಿಡಿದು ಆಧಾರ್ ಕೇಂದ್ರಕ್ಕೆ ಹೋಗಿ ಹೆಸರು, ಲಿಂಗ, ಫೋಟೊ ಮೂರನ್ನೂ ಒಂದೇ ಸಲಕ್ಕೆ ಬದಲಿಸುತ್ತಾರೆ. ಮೂರನ್ನೂ ಒಟ್ಟಿಗೆ ಮಾಡಿಸುವುದರಿಂದ, ಹೊಸ ಹೆಸರಿನ ಕೆಳಗೆ ಹಳೆಯ ಮುಖ ಇರುವ ಕಾರ್ಡೊಂದನ್ನು ಹಿಡಿದು ತಿಂಗಳುಗಟ್ಟಲೆ ಓಡಾಡುವುದು ತಪ್ಪುತ್ತದೆ.

ಮುಂದಿನದು ಪ್ಯಾನ್. ಇಲ್ಲಿ ತಡಮಾಡಬಾರದು. ಪ್ಯಾನ್ ಮತ್ತು ಆಧಾರ್ ಜೋಡಣೆಯಾಗಬೇಕಾದರೆ ಎರಡರಲ್ಲೂ ಇರುವ ಹೆಸರು, ಹುಟ್ಟಿದ ದಿನ, ಲಿಂಗ ತಾಳೆಯಾಗಬೇಕು. ಆಧಾರ್ ಬದಲಾಗಿ ಪ್ಯಾನ್ ಹಾಗೇ ಉಳಿದರೆ ಜೋಡಣೆ ವಿಫಲವಾಗುತ್ತದೆ, ಅದರ ಬೆನ್ನಿಗೇ ಸಂಬಳ, ಬ್ಯಾಂಕು, ತೆರಿಗೆ ಎಲ್ಲಕ್ಕೂ ತೊಡಕು. ಪ್ಯಾನ್ ಅರ್ಜಿಯಲ್ಲಿ ಟ್ರಾನ್ಸ್‌ಜೆಂಡರ್ ಎಂಬ ಆಯ್ಕೆಯೇ ಬಂದದ್ದು 2018ರಲ್ಲಿ. ಅದಕ್ಕೂ ಮೊದಲು ಆಧಾರ್‌ನಲ್ಲಿ ಮೂರನೆಯ ಆಯ್ಕೆ ಇತ್ತು, ಪ್ಯಾನ್‌ನಲ್ಲಿ ಇರಲಿಲ್ಲ. ಬಿಹಾರದ ಕಾರ್ಯಕರ್ತೆ ರೇಷ್ಮಾ ಪ್ರಸಾದ್ ಈ ಪ್ರಶ್ನೆಯನ್ನೇ ಸುಪ್ರೀಂ ಕೋರ್ಟಿಗೆ ಒಯ್ದರು. ಜಿಲ್ಲಾಧಿಕಾರಿ ಕೊಟ್ಟ ಪ್ರಮಾಣಪತ್ರವನ್ನು ಪ್ಯಾನ್ ಅರ್ಜಿಗೆ ದಾಖಲೆಯಾಗಿ ಒಪ್ಪುವುದಾಗಿ ಕೇಂದ್ರ ಸರ್ಕಾರ ತಿಳಿಸಿದ್ದನ್ನು ನ್ಯಾಯಾಲಯ 2024ರಲ್ಲಿ ದಾಖಲಿಸಿಕೊಂಡಿತು. ಹಾಗಾಗಿ ನಮ್ಮ ಹಾವೇರಿಯ ಹೆಣ್ಣುಮಗಳು ಪ್ಯಾನ್ ತಿದ್ದುಪಡಿ ಅರ್ಜಿಗೆ ಅದೇ ಪ್ರಮಾಣಪತ್ರವನ್ನು ಲಗತ್ತಿಸಬಹುದು. ಪ್ಯಾನ್ ನಂಬರು ಬದಲಾಗುವುದಿಲ್ಲ. ಹೊಸ ಪ್ಯಾನ್ ಮಾಡಿಸುವ ಕೆಲಸಕ್ಕೆ ಮಾತ್ರ ಕೈಹಾಕಬಾರದು, ಒಬ್ಬರ ಬಳಿ ಎರಡು ಪ್ಯಾನ್ ಇರುವುದು ಅಪರಾಧ.

ಆಮೇಲೆ ಬ್ಯಾಂಕು, ನಮೂನೆ 8ರ ಮೂಲಕ ಮತದಾರರ ಪಟ್ಟಿ, ಪಡಿತರ ಚೀಟಿ. ಇವು ಕಾಲ ತೆಗೆದುಕೊಂಡರೂ ಹೆಚ್ಚಾಗಿ ಆಗಿಹೋಗುವ ಕೆಲಸಗಳು. ನಿಯಮಗಳ ಅನುಬಂಧದಲ್ಲಿ ಜನನ ಪತ್ರದಿಂದ ವಿದ್ಯುತ್ ಸಂಪರ್ಕದವರೆಗೆ ಯಾವ ಯಾವ ದಾಖಲೆಗಳನ್ನು ಬದಲಿಸಿಕೊಡಬೇಕೆಂಬ ಪಟ್ಟಿಯೇ ಇದೆ, ಅರ್ಜಿ ಬಂದ 15 ದಿನಗಳೊಳಗೆ ಬದಲಿಸಬೇಕೆಂದೂ ಇದೆ. ಬಹಳ ಕಚೇರಿಗಳು ಈ ಪಟ್ಟಿಯನ್ನು ನೋಡಿಯೇ ಇಲ್ಲ. ಗುಮಾಸ್ತರು 'ಗೆಜೆಟ್ ತನ್ನಿ' ಎನ್ನುತ್ತಾರೆ, 'ಆಪರೇಷನ್ ಸರ್ಟಿಫಿಕೇಟ್ ತನ್ನಿ' ಎನ್ನುತ್ತಾರೆ, ಏಕೆಂದರೆ ಅವರಿಗೆ ಗೊತ್ತಿರುವ ಹೆಸರು ಬದಲಾವಣೆಯ ದಾರಿ ಅದೊಂದೇ. ಅನುಬಂಧದ ಪುಟವನ್ನು ಅಚ್ಚು ಹಾಕಿಸಿ ಅರ್ಜಿಯ ಜೊತೆ ಇಟ್ಟರೆ ವಾದ ಅರ್ಧ ಕಡಿಮೆಯಾಗುತ್ತದೆ.

ಮಾರ್ಕ್ಸ್ ಕಾರ್ಡಿನದು ಉದ್ದದ ಹೋರಾಟ. ಶಾಲೆಯ ದಾಖಲಾತಿ ಪುಸ್ತಕದಲ್ಲಿ ಇದ್ದಂತೆ ಮಾರ್ಕ್ಸ್ ಕಾರ್ಡು ಬಂದಿದೆ, ಅದರಲ್ಲಿ ತಪ್ಪೇನಿದೆ ಎಂದು ಮಂಡಳಿ ಕೇಳುತ್ತದೆ. ಮಂಡಳಿ ಹೇಳಿದರೆ ಪುಸ್ತಕ ತಿದ್ದುತ್ತೇವೆ ಎಂದು ಶಾಲೆ ಹೇಳುತ್ತದೆ. ಜನನ ನೋಂದಣಾಧಿಕಾರಿ ಹಿಡಿದ ತರ್ಕವೇ ಇಲ್ಲೂ ಇದೆ, ತಿದ್ದುವುದಕ್ಕೆ ಮೊದಲು ತಪ್ಪು ಇರಬೇಕು. ನಿಯಮಗಳ ಅನುಬಂಧದಲ್ಲಿ ಶಾಲಾ ಮಂಡಳಿ, ಕಾಲೇಜು, ವಿಶ್ವವಿದ್ಯಾಲಯಗಳ ಪ್ರಮಾಣಪತ್ರಗಳ ಹೆಸರು ಸ್ಪಷ್ಟವಾಗಿ ಇರುವುದರಿಂದ ಅರ್ಜಿಯನ್ನು ಶಾಲೆಗೂ ಮಂಡಳಿಗೂ ಏಕಕಾಲಕ್ಕೆ ಕೊಡಬೇಕು, ಎರಡೂ ಕಡೆ ಸ್ವೀಕೃತಿ ಪಡೆಯಬೇಕು. ಕೆಲಸಕ್ಕೆ ಸೇರುವಾಗ ಮೊದಲು ಕೇಳುವುದು ಈ ಕಾಗದವನ್ನೇ. ಆಧಾರ್‌ನಲ್ಲಿ ಒಂದು ಹೆಸರು, ಮಾರ್ಕ್ಸ್ ಕಾರ್ಡಿನಲ್ಲಿ ಇನ್ನೊಂದು ಇದ್ದರೆ ಅಭ್ಯರ್ಥಿ ತನ್ನ ಇಡೀ ಬದುಕನ್ನು ಸಂದರ್ಶನದ ಮೇಜಿನ ಮೇಲೆ ಬಿಚ್ಚಿಡಬೇಕಾಗುತ್ತದೆ. 2021ರಲ್ಲಿ ಕರ್ನಾಟಕ ಸರ್ಕಾರ ತನ್ನ ನೇಮಕಾತಿಗಳಲ್ಲಿ ಟ್ರಾನ್ಸ್‌ಜೆಂಡರ್ ಅಭ್ಯರ್ಥಿಗಳಿಗೆ ಶೇ 1ರ ಮೀಸಲಾತಿ ಕೊಟ್ಟಿತು, ದೇಶದಲ್ಲೇ ಹಾಗೆ ಮಾಡಿದ ಮೊದಲ ರಾಜ್ಯ ನಮ್ಮದು. ಆ ಮೀಸಲಾತಿ ಹುದ್ದೆಯಾಗಿ ಕೈಗೆ ಸಿಗಬೇಕಾದರೆ ಓದಿನ ದಾಖಲೆ ಮತ್ತು ಗುರುತಿನ ದಾಖಲೆ ಒಂದೇ ವ್ಯಕ್ತಿಯವೆಂದು ತೋರಬೇಕು.

ಜನನ ಪತ್ರ ಇಲ್ಲದ ಆಕೆ ಅದನ್ನು ಹುಡುಕಿಕೊಂಡು ಹೋಗಬೇಕೇ? ಬೇಕಿಲ್ಲ. ಹುಟ್ಟಿದ ದಿನಕ್ಕೆ ಜನನ ಪತ್ರವನ್ನೇ ಕೊಡಬೇಕೆಂಬ ನಿಯಮ 2023ರ ಅಕ್ಟೋಬರ್ 1 ಮತ್ತು ನಂತರ ಹುಟ್ಟಿದವರಿಗೆ ಅನ್ವಯಿಸುತ್ತದೆ. ಅದಕ್ಕೆ ಮೊದಲು ಹುಟ್ಟಿದವರು ಪಾಸ್‌ಪೋರ್ಟ್ ಅರ್ಜಿಗೆ ಮಾರ್ಕ್ಸ್ ಕಾರ್ಡು, ಪ್ಯಾನ್, ಚಾಲನಾ ಪರವಾನಗಿಗಳನ್ನು ಕೊಡಬಹುದು. ಜನನ ಪತ್ರ ಇದ್ದು, ಅದರಲ್ಲಿ ಹಳೆಯ ಹೆಸರು ಇರುವವರಿಗೆ ಮಾತ್ರ ಮಂಗಳೂರಿನ ಮೊಕದ್ದಮೆ ಮುಖ್ಯವಾಗುತ್ತದೆ.

ಆ ಮೊಕದ್ದಮೆಯಲ್ಲಿ ನ್ಯಾಯಾಲಯ ಎರಡು ಕಾಯ್ದೆಗಳನ್ನು ಎದುರುಬದುರು ಇಟ್ಟು ನೋಡಿತು. 1969ರದು ಎಲ್ಲರಿಗೂ ಅನ್ವಯಿಸುವ ಸಾಮಾನ್ಯ ಕಾಯ್ದೆ. 2019ರದು ಟ್ರಾನ್ಸ್‌ಜೆಂಡರ್ ವ್ಯಕ್ತಿಗಳಿಗಾಗಿಯೇ ಬಂದ ವಿಶೇಷ ಕಾಯ್ದೆ. ಎರಡಕ್ಕೂ ಜಗಳ ಬಂದಾಗ ವಿಶೇಷ ಕಾಯ್ದೆಯ ಮಾತು ನಡೆಯಬೇಕು. ಪ್ರಮಾಣಪತ್ರ ಪಡೆದವರು ಜನನ ಪತ್ರದಲ್ಲಿ ಮೊದಲ ಹೆಸರನ್ನು ಬದಲಿಸಿಕೊಳ್ಳಬಹುದು ಎಂದು 2019ರ ಕಾಯ್ದೆಯ 7ನೇ ಕಲಮು ಬಾಯಿಬಿಟ್ಟೇ ಹೇಳುತ್ತದೆ. ಹೀಗಿರುವಾಗ 15ನೇ ಕಲಮಿನಲ್ಲಿ ದಾರಿಯಿಲ್ಲ ಎಂದು ಹೇಳಿ ಕಳಿಸುವಂತಿಲ್ಲ. 1969ರ ಕಾಯ್ದೆಗೂ ರಾಜ್ಯದ 1999ರ ನಿಯಮಗಳಿಗೂ ತಿದ್ದುಪಡಿ ಬರುವವರೆಗೆ ನೋಂದಣಾಧಿಕಾರಿಗಳು ಇಂಥ ಅರ್ಜಿಗಳನ್ನು ಸ್ವೀಕರಿಸಿ, ಪುಸ್ತಕದಲ್ಲಿ ದಾಖಲಿಸಿ, ಪರಿಷ್ಕೃತ ಜನನ ಪತ್ರ ಕೊಡಬೇಕು ಎಂದು ಆದೇಶವಾಯಿತು. ತಿದ್ದುಪಡಿ ಹೇಗಿರಬೇಕೆಂದು ಸೂಚಿಸಲು ರಾಜ್ಯದ ಕಾನೂನು ಆಯೋಗವನ್ನೂ ಕೇಳಿಕೊಳ್ಳಲಾಯಿತು.

ಪರಿಷ್ಕೃತ ಪತ್ರದಲ್ಲಿ ಏನಿರುತ್ತದೆ ಎಂಬುದು ಗಮನಿಸಬೇಕಾದ ಸಂಗತಿ. ಹಳೆಯ ಹೆಸರು, ಹಳೆಯ ಲಿಂಗ, ಹೊಸ ಹೆಸರು, ಹೊಸ ಲಿಂಗ ನಾಲ್ಕೂ ಇರುತ್ತವೆ. ನ್ಯಾಯಾಲಯ ಯೋಚಿಸಿ ಮಾಡಿದ ಏರ್ಪಾಡು ಇದು. ಹಳೆಯದನ್ನು ಪೂರ್ತಿ ಅಳಿಸಿದರೆ ಹಳೆಯ ಹೆಸರಿನಲ್ಲಿರುವ ಆಸ್ತಿ, ಓದು, ಸಾಲ ಯಾವುದಕ್ಕೂ ಕೊಂಡಿ ಉಳಿಯುವುದಿಲ್ಲ. ಇಬ್ಬರೂ ಒಬ್ಬರೇ ಎಂದು ತೋರಿಸುವ ಒಂದು ಸರ್ಕಾರಿ ಕಾಗದ ಬೇಕೇ ಬೇಕು, ಆ ಕೆಲಸವನ್ನು ಇದು ಚೆನ್ನಾಗಿ ಮಾಡುತ್ತದೆ. ಆದರೆ ಆ ಪತ್ರವನ್ನು ತೋರಿಸಿದ ಪ್ರತಿ ಜಾಗದಲ್ಲೂ ತಾನು ಯಾರಾಗಿದ್ದೆ ಎಂಬುದೂ ತಾನಾಗಿ ಹೊರಬೀಳುತ್ತದೆ. ತನ್ನ ಹಳೆಯ ಹೆಸರನ್ನು ಯಾರಿಗೆ ಹೇಳಬೇಕೆಂಬ ಆಯ್ಕೆ ಆಕೆಯ ಕೈಯಲ್ಲಿ ಉಳಿಯುವುದಿಲ್ಲ. ಮುಂದೆ ಬರುವ ತಿದ್ದುಪಡಿ ಈ ಎರಡು ಅಗತ್ಯಗಳನ್ನು ಬೇರ್ಪಡಿಸಬೇಕು. ಮೂಲ ಪುಸ್ತಕದಲ್ಲಿ ಎರಡೂ ಹೆಸರು ಇರಲಿ, ದಿನಬಳಕೆಗೆ ಕೊಡುವ ಪ್ರತಿಯಲ್ಲಿ ಹೊಸದಷ್ಟೇ ಇರಲಿ, ಕೊಂಡಿ ತೋರಿಸುವ ಇನ್ನೊಂದು ಪ್ರತಿಯನ್ನು ಆಕೆ ಕೇಳಿದಾಗ ಕೊಡಲಿ.

ತಿರಸ್ಕೃತರಾದವರು ಮಾಡಬಹುದಾದದ್ದು ಇದೆ. ಬಾಯಿಮಾತಿನಲ್ಲಿ ಆಗುವುದಿಲ್ಲ ಎಂದರೆ ಅದರ ಮೇಲೆ ಮೇಲ್ಮನವಿ ಹೋಗುವುದು ಕಷ್ಟ, ಹೈಕೋರ್ಟಿನಲ್ಲೂ ತೋರಿಸಲು ಏನೂ ಇರುವುದಿಲ್ಲ. ಆದ್ದರಿಂದ ಅರ್ಜಿಯನ್ನು ಬರಹದಲ್ಲಿ ಕೊಟ್ಟು ಸೀಲು ಹಾಕಿದ ಸ್ವೀಕೃತಿ ಪಡೆಯಬೇಕು, ಕಾರಣವನ್ನು ಬರಹದಲ್ಲೇ ಕೇಳಬೇಕು. ಮಂಗಳೂರಿನ ಅರ್ಜಿದಾರರು ಗೆಲ್ಲಲು ಸಾಧ್ಯವಾದದ್ದು ಕಚೇರಿಯ ನಿರಾಕರಣೆಯನ್ನು ನ್ಯಾಯಾಲಯದ ಮುಂದೆ ಇಡಲು ಆದದ್ದರಿಂದ. ಪೋರ್ಟಲ್‌ನಲ್ಲಿ ತಿರಸ್ಕಾರವಾದಾಗಲೂ ಕಾರಣ ಓದಬೇಕು. ನೋಟರಿ ಸೀಲು ಇಲ್ಲ, ವಿಳಾಸ ತಾಳೆಯಾಗಿಲ್ಲ ಎಂಬಂಥ ಕಾರಣವಾದರೆ ಸರಿಪಡಿಸಿ ಮತ್ತೆ ಹಾಕುವುದೇ ಬೇಗದ ದಾರಿ. ವೈದ್ಯರ ಪತ್ರ ಇಲ್ಲ ಎಂಬ ಕಾರಣ ಕೊಟ್ಟಿದ್ದರೆ 90 ದಿನಗಳ ಗಡುವನ್ನು ಬಿಡದೆ ಮೇಲ್ಮನವಿಗೆ ಹೋಗಬೇಕು.

ವಕೀಲರಿಗೆ ಕೊಡಲು ಹಣವಿಲ್ಲದವರು ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಬಾಗಿಲು ತಟ್ಟಬಹುದು. 2014ರ ಮೊಕದ್ದಮೆ ಹೂಡಿದ್ದು ಇದರ ರಾಷ್ಟ್ರೀಯ ಸಂಸ್ಥೆಯೇ. ಕರ್ನಾಟಕದ ಯಾವುದೇ ನಗರಸಭೆ, ಪುರಸಭೆ, ಗ್ರಾಮ ಪಂಚಾಯಿತಿಗೆ ಜನನ ಪತ್ರದ ಅರ್ಜಿ ಕೊಡುವವರು ಜಿಲ್ಲಾಧಿಕಾರಿಯ ಪ್ರಮಾಣಪತ್ರದ ಜೊತೆಗೆ 2024ರ ಡಿಸೆಂಬರ್‌ನ ಹೈಕೋರ್ಟ್ ಆದೇಶದ ಪ್ರತಿಯನ್ನೂ ಲಗತ್ತಿಸಿ. ಆ ಆದೇಶ ಒಬ್ಬ ಅರ್ಜಿದಾರರಿಗಷ್ಟೇ ಸೀಮಿತವಾದದ್ದಲ್ಲ, ರಾಜ್ಯದ ನೋಂದಣಾಧಿಕಾರಿಗಳೆಲ್ಲರೂ ಅದನ್ನು ಪಾಲಿಸಬೇಕು.